ಮಿಸಾಲು ಬಿಟ್ಟಮೇಲೆ ಉಳಿದ ವಾಕ್ಯ

ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮಾನೂ ಬೆಟಗೇರಿಯಲ್ಲಿ ಮಾಮಾನ ಮನೆಯ ಪಡಸಾಲೆಯಲ್ಲಿ ಇದ್ದೆವು. ಮಗ್ಗದ ಕುಣಿಯ ಪಕ್ಕದಲ್ಲೇ ನಮ್ಮ ಹಾಸಿಗೆ. ನಸುಕಿನಲ್ಲಿ ಮಗ್ಗ ಶುರುವಾಗುವ ಮೊದಲು ಚಾಪೆ ಸುತ್ತಿ ಎತ್ತಿಡಬೇಕು, ಇಲ್ಲದಿದ್ದರೆ ಮಾಮಿಯ ಬಾಯಿ ಶುರುವಾಗುತ್ತಿತ್ತು. ಅಂಥದ್ದರಲ್ಲಿ ಗದಗಿನ ಒಂದು ಹೆಣ್ಣುಮಕ್ಕಳ ಉರ್ದು ಶಾಲೆಗೆ ಅರಬ್ಬಿ ಕಲಿಸುವವರು ಬೇಕಾಗಿದ್ದಾರೆಂದು ತಿಳಿಯಿತು. ಸಂಬಳ ಅಷ್ಟಕ್ಕಷ್ಟೆ, ಆದರೆ ಶಾಲೆಯ ಹಿಂದೆ ಒಂದು ಕೋಣೆ ಕೊಡುತ್ತಿದ್ದರು. ಬಾಗಿಲು, ಅಗುಳಿ, ಒಲೆ ಎಲ್ಲ ಇದ್ದ ಕೋಣೆ. ಅಮ್ಮಾ ಅದನ್ನು ಹೊರಗಿನಿಂದ ಒಮ್ಮೆ ನೋಡಿ ಬಂದು ನಮ್ಮ ಪಾತ್ರೆಗಳನ್ನು ಬೇರೆ ಎತ್ತಿಟ್ಟಳು.

ಶಾಲೆಯ ಕಮಿಟಿಯವರದು ಒಂದೇ ಶರ್ತು. ಮಿಸರ, ಅಂದರೆ ಈಜಿಪ್ಟ್, ದೇಶದ ಹಳೆಯ ಪತ್ರಿಕೆಯೊಂದರ ಉದ್ದನೆಯ ಲೇಖನ ಕೊಟ್ಟರು. ಅದರ ಸಾರಾಂಶವನ್ನು ಅರಬ್ಬಿಯಲ್ಲೇ, ಒಂದೇ ಪ್ಯಾರಾದಲ್ಲಿ, ನನ್ನ ಕೈಯಿಂದ ಬರೆಯಬೇಕು. ನನಗೆ ಕಲಿಸಿದ ಉಸ್ತಾದರು ಅದನ್ನು ಒಪ್ಪಿ ಸಹಿ ಹಾಕಬೇಕು. ಆಮೇಲೆ ಕಮಿಟಿಯ ಮೌಲವಿ ಅದನ್ನು ಲೇಖನದ ಪಕ್ಕದಲ್ಲಿಟ್ಟು ನೋಡುತ್ತಾರೆ.

"ಅರಬ್ಬಿ ಬರದು ಖಲೀಫನ ಮನಿ ಸೊಸಿ ಆಗ್ತಾಳ ನೋಡ್ರಿ," ಎಂದಳು ಮಾಮಿ.

"ಆಗಲಿ ಬಿಡ, ನಿನ್ನ ಪಡಸಾಲಿ ಖಾಲಿ ಆಗತೈತಲ್ಲ," ಎಂದರು ಮಾಮಾ.

ಉಸ್ತಾದರ ಮನೆ ಲಕ್ಷ್ಮೇಶ್ವರದಲ್ಲಿ. ಊರು ಸಂಸ್ಥಾನ ಬಿಟ್ಟು ಧಾರವಾಡ ಜಿಲ್ಲೆಗೆ ಸೇರಿದ್ದು ಹೊಸತು. ಕರ್ನಾಟಕ ಒಂದಾಗಬೇಕು ಎಂದು ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದಿದ್ದರು. ಅವರ ಮನೆಯ ಗೋಡೆಯ ಮೇಲೂ ಬರೆದಿದ್ದರು, ಉಸ್ತಾದರ ಹೆಂಡತಿ, ನಾನು ಚಾಚಿ ಎಂದು ಕರೆಯುವವಳು, ಅದನ್ನು ಅಳಿಸಿರಲಿಲ್ಲ. ಚಿಕ್ಕಂದಿನಲ್ಲಿ ನಾವು ಆ ಊರಲ್ಲೇ ಇದ್ದಾಗ ಅದೇ ಮನೆಯಲ್ಲಿ ಕಲಿತವಳು ನಾನು. ಆಗ ಅವರ ಮಗನೂ ಇದ್ದ. ಆಮೇಲೆ ಅವನು ಮುಂಬೈಗೆ ಹೋಗಿ ಹಡಗಿನಲ್ಲಿ ಕೆಲಸ ಹಿಡಿದ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಅವನು ಮಾತ್ರ ಬರಲಿಲ್ಲ.

ಈಗ ಸಾರಾಂಶ ಬರೆಯಲು ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಮನೆಯಲ್ಲಿ ಕಂಡದ್ದು ಇದು. ಗೂಟದ ಮೇಲೆ ಅವನ ಟೋಪಿ ಧೂಳಿಲ್ಲದೆ ಇತ್ತು. ಮಧ್ಯಾಹ್ನದ ನಮಾಜು ಆದಮೇಲೆ ಚಾಚಿ ತಾಮ್ರದ ತಂಬಿಗೆ ತುಂಬಿ, ಬಾಗಿಲ ಒಳಗೆ ಬಲಕ್ಕೆ ಇಟ್ಟು, ಬಾಗಿಲು ಅರ್ಧ ತೆರೆದಿಡುತ್ತಿದ್ದಳು. ನಾನು ಕುಳಿತು ಬರೆಯುವ ಜಾಗದಿಂದ ಅದು ಕಾಣುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಆದರೆ ನಾನು ತಲೆ ತಗ್ಗಿಸಿ ಬರೆದು ಮತ್ತೆ ಎತ್ತುವಷ್ಟರಲ್ಲಿ ನೀರು ಎರಡು ಬೆರಳಿನಷ್ಟು ಇಳಿದಿರುತ್ತಿತ್ತು. ಹೊಸ್ತಿಲಿನ ಕಲ್ಲು ಒದ್ದೆ. ಬಿಸಿಲಿಗೆ ಆರುತ್ತದೆ ಎಂದುಕೊಂಡೆ. ಗುಬ್ಬಿ ಕುಡಿದಿರಬೇಕು ಎಂದುಕೊಂಡೆ. ಮರುದಿನ ಗುಬ್ಬಿಗಾಗಿ ಕಾದು ನೋಡಿದೆ, ಬರಲಿಲ್ಲ.

ಉಸ್ತಾದರ ಪದ್ಧತಿ ಬೇರೆಯೇ. ಲೇಖನವನ್ನು ನೆಲದ ಮೇಲೆ ಹರಡಿ, ಉದಾಹರಣೆ ಬಂದಲ್ಲೆಲ್ಲ ಹುಣಸೆ ಬೀಜ ಸಾಲಾಗಿ ಇಟ್ಟು ಮುಚ್ಚಿಸುತ್ತಿದ್ದರು. 'ಮಸಲನ್', ಅಂದರೆ 'ಉದಾಹರಣೆಗೆ', ಎಂದು ಬಂದರೆ ಬೀಜ. ಉಳಿದದ್ದನ್ನು ಓದಿ, ಕಾಗದ ತಿರುವಿಹಾಕಿ, ನೆನಪಿನಿಂದ ಸ್ವಂತ ಮಾತಿನಲ್ಲಿ ಬರೆಯಬೇಕು.

ಮೊದಲ ಸಲ ನಾನು ಉದಾಹರಣೆಗಳನ್ನೂ ಚಿಕ್ಕದು ಮಾಡಿ ಸೇರಿಸಿದ್ದೆ.

"ಬೇಟಿ, ಮಿಸಾಲು ಸಣ್ಣದು ಮಾಡೋದಲ್ಲ, ಬಿಡೋದು," ಎಂದರು. "ಕಬ್ಬಿನ ರಸ ಕೇಳಿದ್ರ ಸಣ್ಣ ಕಬ್ಬು ಕೊಡತಿ ಏನ?"

ಲೇಖನ ಊರು ಬಿಟ್ಟು ಹೋದವರ ಬಗ್ಗೆ. ಹೋದವರ ಜಾಗವನ್ನು ಮನೆಯವರ ರೂಢಿ ಕಾಯುತ್ತದೆ, ಇದು ಮೊದಲ ವಿಚಾರ. ಆಸೆ ಸತ್ತರೂ ರೂಢಿ ಸಾಯುವುದಿಲ್ಲ, ಇದು ಎರಡನೆಯದು. ಕೊನೆಗೆ ಲೇಖಕ ಹೇಳುತ್ತಾನೆ: ಆದ್ದರಿಂದ ಸುದ್ದಿ ಎಷ್ಟೇ ಕೆಟ್ಟದಾಗಿದ್ದರೂ ಮನೆಗೆ ಬಾಯಿಬಿಟ್ಟು ಹೇಳಬೇಕು. ನಡುವೆ ಉದಾಹರಣೆಗಳು. ಹಡಗಿನವನ ತಾಯಿ ದಿನಾ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವುದು. ಒಂಟೆ ಹೊಡೆಯುವವನ ಹೆಂಡತಿ ಅವನ ಪಾತ್ರೆಯಲ್ಲಿ ನೀರಿಡುವುದು, ನೀರು ಇಳಿಯುತ್ತದೆಂದು ಆಣೆ ಮಾಡುವುದು.

ಅದನ್ನು ಓದಿದಾಗ ನನ್ನ ಕೈ ನಿಂತಿತು. ಸಮುದ್ರದಾಚೆ, ಈ ಮನೆಯನ್ನು ಕಾಣದವನು ಬರೆದದ್ದು. ಬಾಗಿಲ ಕಡೆ ನೋಡಲು ಕತ್ತು ಹೊರಳಲಿಲ್ಲ.

ಉಸ್ತಾದರು ಆ ಇಡೀ ಪ್ಯಾರಾದ ಮೇಲೆ ತಾವೇ ಬೀಜ ಇಟ್ಟರು. "ಮಿಸಾಲು. ಮುಚ್ಚು."

ಮುಚ್ಚಿ ಬರೆದೆ. ಓದಿದರೆ ನಡುವೆ ಮೆಟ್ಟಿಲು ಮುರಿದಂತಿತ್ತು. ರೂಢಿ ಸಾಯುವುದಿಲ್ಲ, ಆದ್ದರಿಂದ ಸುದ್ದಿ ಹೇಳಬೇಕು. ಯಾಕೆ ಹೇಳಬೇಕು ಎಂಬುದೇ ಇಲ್ಲ. ಬೀಜ ಸರಿಸಿ ನೋಡಿದೆ. ಒಂಟೆಯವನ ಹೆಂಡತಿಯ ಕತೆ ಮುಗಿದ ಮೇಲೆ, ಅದೇ ಪ್ಯಾರಾದ ಬಾಲದಲ್ಲಿ, 'ವ ಹಾಕಝಾ', ಎಂದರೆ 'ಹೀಗೆ', ಎಂದು ಶುರುವಾಗುವ ಒಂದು ವಾಕ್ಯವಿತ್ತು: ಹೇಳದೆ ಮುಚ್ಚಿಟ್ಟ ಸಾವು ಆ ಮನೆಯಲ್ಲೇ ವಾಸ ಮಾಡುತ್ತದೆ. ಅದು ಯಾವಳೋ ಒಬ್ಬಳ ಕತೆಯಲ್ಲ, ಎಲ್ಲ ಮನೆಗೂ ಹೇಳಿದ ಮಾತು. ಲೇಖನದ ಬೆನ್ನೆಲುಬೇ ಅದು.

"ಇದು ಮಿಸಾಲಲ್ಲರಿ ಉಸ್ತಾದ್. ವಿಚಾರ."

"ಮಿಸಾಲೇ."

"ಬಿಟ್ರ ಗದಗಿನ ಮೌಲವಿ ಹಿಡೀತಾರ್ರಿ. ಕೋಣೆ ಹೋಗತೈತಿ."

"ಬರದ್ರ ನನ್ನ ಸಹಿ ಇಲ್ಲ."

ಇಷ್ಟು ವರ್ಷ ಒಂದು ವಾಕ್ಯವನ್ನೂ ತಪ್ಪು ಓದದ ಮನುಷ್ಯ ನನ್ನ ಮುಖ ನೋಡದೆ ಹೇಳಿದರು. ಆಗ ನನಗೆ ಹೊಳೆಯಿತು, ಇವರಿಗೆ ಮಗನ ಸಾವಿನ ಖಬರು ಬಂದಿದೆ, ಚಾಚಿಗೆ ಹೇಳಿಲ್ಲ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಚಾಚಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಅವಳು ಕುರಾನು ಓದುವಷ್ಟು ಅಕ್ಷರ ಬಲ್ಲಳು, ಅರ್ಥ ತಿಳಿಯುತ್ತಿರಲಿಲ್ಲ.

"ಹುಡುಗಿ ಯಾವುದು ಬರೀತೀನಿ ಅಂತಾಳ? ನೀವ್ಯಾವುದು ಬ್ಯಾಡ ಅಂತೀರಿ?"

ಉಸ್ತಾದರು ಲೇಖನವನ್ನು ನನ್ನ ಕಡೆ ಸರಿಸಿದರು. ನನಗೆ ಓದಲು ಹೇಳಿದರು. ಓದಿದೆ. ಆಮೇಲೆ ಅವರೇ ಅದನ್ನು ಮನೆಮಾತಿನಲ್ಲಿ ಹೇಳಿದರು, ಒಂದೊಂದೇ ಪದ. ಮುಂಬೈ ಹಡಗುಕಟ್ಟೆಯಿಂದ ಬಂದವನೊಬ್ಬ ಮಸೀದಿಯ ಅಂಗಳದಲ್ಲಿ ತಿಳಿಸಿದ್ದನ್ನೂ ಹೇಳಿದರು. ಹಡಗು ಮುಳುಗಿ ವರ್ಷಗಳೇ ಆಗಿದ್ದವು.

ಚಾಚಿ ಅಳಲಿಲ್ಲ. "ನನಗ ಗೊತ್ತಿತ್ತು. ಅವತ್ತ ನೀವು ಮಸೂತಿಯಿಂದ ಬಂದಾಗ ಮಾರಿ ನೋಡೇ ತಿಳೀತು. ನಿಮ್ಮ ಸಲುವಾಗಿ ನೀರ ಇಡತಿದ್ದೆ. ದಿನಾ ನೀವ ಕುಡೀತಿದ್ರಲ್ಲ, ಅದಕ್ಕ."

"ನಾನಽ?" ಎಂದರು ಉಸ್ತಾದರು. "ನೀನ ಚೆಲ್ಲತಿ ಅಂತ ತಿಳಿದಿದ್ದೆ. ನಾ ಅದನ್ನ ಒಮ್ಮೆನೂ ಮುಟ್ಟಿಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ನಾನೂ ಮುಟ್ಟಿಲ್ಲವೆಂದು ತಲೆ ಅಲ್ಲಾಡಿಸಿದೆ. ಹೊರಗೆ ಬಿಸಿಲು ನಿಗಿನಿಗಿ ಇತ್ತು, ಎಲೆ ಅಲುಗಾಡುತ್ತಿರಲಿಲ್ಲ. ಮೂವರಲ್ಲಿ ಯಾರೂ ಬಾಗಿಲ ಕಡೆ ತಿರುಗಲಿಲ್ಲ.

ಕೊನೆಗೆ ಚಾಚಿ, "ಸಹಿ ಮಾಡ್ರಿ, ಹುಡುಗಿದು ಬಸ್ಸು ಹೋಗತೈತಿ," ಎಂದಳು.

ಆ ವಾಕ್ಯ ಸೇರಿಸಿ, ಒಂಟೆ, ಹಡಗು, ನೀರು ಎಲ್ಲ ಬಿಟ್ಟು, ಮತ್ತೊಮ್ಮೆ ಶುದ್ಧವಾಗಿ ಬರೆದೆ. ಉಸ್ತಾದರು ಓದಿ, "ಈಗ ಪೂರಾ ಆತು," ಎಂದು ಸಹಿ ಹಾಕಿದರು.

ಗದಗಿನಲ್ಲಿ ಮೌಲವಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನಿಧಾನವಾಗಿ ಓದಿದರು. ಆ ವಾಕ್ಯದ ಮೇಲೆ ಬೆರಳಿಟ್ಟರು.

"ಮಿಸಾಲಿನ ಹೊಟ್ಟಿಯೊಳಗಿತ್ತು ಇದು. ಭಾಳ ಮಂದಿ ಬಿಟ್ಟಬಿಡತಾರ. ನಿನಗ ಹೆಂಗ ಸಿಕ್ಕಿತು?"

"ಉಸ್ತಾದರು ಹೇಳಿಕೊಟ್ರು," ಎಂದೆ.

ಅವರು ಗೂಡಿನಿಂದ ಕೋಣೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟರು.