ಮಣ್ಣಮ್ಮ ಬರೆದ ಶಿಫಾರಸು ಪತ್ರ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಡಿಪಾಯದ ಮಣ್ಣಿನ ಬಗ್ಗೆ ಪಾಠ ಹೇಳುತ್ತಿದ್ದ ಆ ಉಪನ್ಯಾಸಕಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಮಣ್ಣಮ್ಮ. ಉಗುರಿನ ಸಂದಿಯಲ್ಲಿ ಸದಾ ಜೇಡಿಮಣ್ಣು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಹಾಗಾಗಿ ಹೊರದೇಶಕ್ಕೆ ಓದಲು ಹೊರಟವರು ಶಿಫಾರಸು ಪತ್ರಕ್ಕಾಗಿ ಅವರ ಬಾಗಿಲು ತಟ್ಟುತ್ತಿದ್ದುದು ಅಪರೂಪ. ಹೆಚ್ಚಿನವರು ಹೋಗುತ್ತಿದ್ದುದು ವಿಭಾಗದ ಮುಖ್ಯಸ್ಥರ ಕೋಣೆಗೆ. ಅಲ್ಲಿ ಪತ್ರ ಮೊದಲೇ ಸಿದ್ಧ. ಹೆಸರು ಬದಲಿಸಿದರೆ ಮುಗಿಯಿತು. ಅದರ ಪ್ರಕಾರ ಎಲ್ಲರೂ ಹುಟ್ಟು ನಾಯಕರು, ಎಲ್ಲರೂ ತರಗತಿಯ ಮೊದಲ ಐವರಲ್ಲಿ ಒಬ್ಬರು. ಒಂದು ವರ್ಷ ಆ ಐವರಲ್ಲಿ ಹದಿನೆಂಟು ಜನ ಇದ್ದರು.

ಮಣ್ಣಮ್ಮನ ಬಳಿ ಪ್ರಾಜೆಕ್ಟ್ ಮಾಡಿದ್ದ ಮೆಲುದನಿಯ ಹುಡುಗಿಯೊಬ್ಬಳು ಆ ಸಲ ಅದೇ ಸಿದ್ಧ ಪತ್ರ ಹಿಡಿದು ಪ್ರಯೋಗಾಲಯಕ್ಕೆ ಬಂದಳು. ಮುಖ್ಯಸ್ಥರೇ ಕೊಟ್ಟು, ಮೇಡಂ ಹತ್ತಿರ ಸಹಿ ಹಾಕಿಸಿಕೋ ಎಂದಿದ್ದರಂತೆ. ಮಣ್ಣಮ್ಮ ಓದಿ ಕಾಗದ ಮಡಿಚಿದರು.

"ಇದರಲ್ಲಿ ನೀನು ಎಲ್ಲಿದ್ದೀಯಮ್ಮ? ಇದನ್ನ ಯಾರಿಗೆ ಬೇಕಾದ್ರೂ ಅಂಟಿಸಬಹುದು."

ತಾವೇ ಬರೆಯುವುದಾಗಿಯೂ, ಅದನ್ನು ಅವಳಿಗೆ ತೋರಿಸದೆ ನೇರ ವಿಶ್ವವಿದ್ಯಾಲಯದ ಜಾಲತಾಣಕ್ಕೇ ಹಾಕುವುದಾಗಿಯೂ ಮಣ್ಣಮ್ಮ ಹೇಳಿದರು. ಅವಳು ತಲೆಯಾಡಿಸಿ ಹೋದಳು; ಎದೆಯ ಅಳುಕು ಮಾತ್ರ ಹೋಗಲಿಲ್ಲ.

ಮಣ್ಣಮ್ಮ ಬರೆದದ್ದು ಇಷ್ಟು. ಎರಡು ವಿಷಯ ಕಲಿಸಿದ್ದೇನೆ, ಒಂದು ವರ್ಷ ಪ್ರಾಜೆಕ್ಟ್ ನೋಡಿಕೊಂಡಿದ್ದೇನೆ. ಅಂಕದಲ್ಲಿ ಇವಳು ಮೊದಲಿಗಳಲ್ಲ, ಪ್ರಯೋಗದ ಎಚ್ಚರದಲ್ಲಿ ಈ ತಂಡದಲ್ಲೇ ಮೇಲು. ಒಮ್ಮೆ ಜೇಡಿಮಣ್ಣು ಭಾರಕ್ಕೆ ಎಷ್ಟು ಕುಗ್ಗುತ್ತದೆಂದು ಅಳೆಯುವಾಗ ಕುಗ್ಗಿದ್ದು ಬಹಳ ಕಡಿಮೆ, ಫಲಿತಾಂಶ ತೀರಾ ಚೆನ್ನಾಗಿ ಬಂತು. ಜೊತೆಯವರು ಖುಷಿಪಟ್ಟರು. ಇವಳು ಮಾತ್ರ ಆ ಮಣ್ಣಿನ ತೇವಾಂಶವನ್ನು, ಅದನ್ನು ನೆಲದಿಂದ ತೆಗೆದ ದಿನದ ತೇವಾಂಶದೊಂದಿಗೆ ಹೋಲಿಸಿ ನೋಡಿದಳು. ತೇವ ಆರದಂತೆ ಮಾದರಿಯ ಮೇಲೆ ಹಾಕಿದ್ದ ಮೇಣದ ಮುಚ್ಚಳ ಬಿರಿದು ಮಣ್ಣು ಒಣಗಿ ಗಟ್ಟಿಯಾಗಿತ್ತು. ಬೇರೆ ಮಾದರಿ ತೆಗೆದು ಮತ್ತೆ ಮಾಡಿದಳು. ಆ ಮೊದಲ ತಪ್ಪು ಫಲಿತಾಂಶವನ್ನೂ ವರದಿಯಲ್ಲಿ ಬಿಡದೆ ಸೇರಿಸಿದಳು. ನಾಲ್ಕು ಜನರೆದುರು ಮಾತಾಡಲು ತಡವರಿಸುತ್ತಾಳೆ. ವರ್ಷದ ಕೊನೆಗೆ ಸುಧಾರಿಸಿದ್ದಳು, ಪೂರ್ತಿ ಅಲ್ಲ. ಕಂಪ್ಯೂಟರ್ ಲೆಕ್ಕಾಚಾರದ ಬಗ್ಗೆ ನಾನು ಹೇಳಲಾರೆ, ನೋಡಿಲ್ಲ.

ಸಿದ್ಧ ಪತ್ರಕ್ಕೆ ಸಹಿ ಬೀಳಲಿಲ್ಲವೆಂಬ ವಿಷಯ ಮುಖ್ಯಸ್ಥರ ಕಿವಿಗೆ ಬಿತ್ತು. ಮಣ್ಣಮ್ಮನನ್ನು ಕರೆಸಿ ಬಾಗಿಲು ಹಾಕಿ, ಏನು ಬರೆದಿರೆಂದು ಕೇಳಿ ತಿಳಿದುಕೊಂಡರು. ಕೊರತೆಯನ್ನು ಬರೆಯುವುದೆಂದರೆ ಹುಡುಗಿಯ ಕುತ್ತಿಗೆ ಕೊಯ್ದಂತೆ ಎಂದರು, ದನಿಯನ್ನು ಒಂದಿಷ್ಟೂ ಏರಿಸದೆ. ಮಣ್ಣಮ್ಮನಿಗೆ ಆ ತಣ್ಣನೆಯ ದನಿಯೇ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಕೆಲವು ವಾರಗಳಲ್ಲಿ ಆ ವಿಶ್ವವಿದ್ಯಾಲಯದಿಂದ ಮಿಂಚಂಚೆ ಬಂತು. ನಿಮ್ಮ ವಿಭಾಗದ ಮುಖ್ಯಸ್ಥರು ಮೂವರು ವಿದ್ಯಾರ್ಥಿಗಳಿಗೆ ಬರೆದ ಪತ್ರಗಳಲ್ಲಿ ಸಾಲುಗಳು ಒಂದೇ ಇವೆ. ವಿಚಾರಿಸುವವರೆಗೆ ಅಲ್ಲಿನ ಎಲ್ಲ ಅರ್ಜಿಗಳನ್ನೂ ತಡೆಹಿಡಿದಿದ್ದೇವೆ. ಎಲ್ಲ ಎಂದರೆ ಆ ಹುಡುಗಿಯದೂ ಸೇರಿ. ಹುಡುಗಿಯ ಅಕ್ಕ ಬಂದು ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತು, ಮಾಡದ ತಪ್ಪಿಗೆ ತಂಗಿ ಸಿಕ್ಕಿಬಿದ್ದಳಲ್ಲ ಎಂದು ಕೈ ಹಿಸುಕಿಕೊಂಡಳು.

ಮುಖ್ಯಸ್ಥರು ಮತ್ತೆ ಕರೆದರು. "ಅದು ವಿಭಾಗದ ನಮೂನೆ, ಎಲ್ಲರೂ ಅದನ್ನೇ ಬಳಸ್ತೀವಿ ಅಂತ ನೀವೂ ಒಂದು ಮಾತು ಬರೆದುಕೊಡಿ."

"ನಾನು ಬಳಸಿಲ್ಲ, ಸರ್."

"ಇಲ್ಲೇ ಇರಬೇಕಲ್ವಾ ಮೇಡಂ, ಇನ್ನೂ ಎಷ್ಟೋ ವರ್ಷ. ಯೋಚನೆ ಮಾಡಿ."

ಅವರು ಬರೆದುಕೊಡಲಿಲ್ಲ.

ಆಮೇಲೆ ವಿಶ್ವವಿದ್ಯಾಲಯದವರು ಪತ್ರ ಬರೆದ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದರು. ಮಣ್ಣು ಒಣಗಿದ್ದು ಅವಳಿಗೆ ಹೇಗೆ ಗೊತ್ತಾಯಿತು ಎಂದು ಮಣ್ಣಮ್ಮನನ್ನು ಕೇಳಿದರು. ಅವರು ನಿನ್ನೆ ಮೊನ್ನೆ ಕಂಡದ್ದನ್ನು ಹೇಳುವ ಹಾಗೆ ಹೇಳಿದರು. ಅವಳಿಗೇ ಮೊದಲು ಅನುಮಾನ ಬಂದದ್ದು, ನನಗಲ್ಲ ಎಂದೂ ಸೇರಿಸಿದರು. ಪಕ್ಕದ ಕೋಣೆಯಲ್ಲಿ ಮುಖ್ಯಸ್ಥರನ್ನು ಕೇಳಿದ ಪ್ರಶ್ನೆ ಇನ್ನೂ ಸುಲಭದ್ದು: ಈ ಮೂವರಲ್ಲಿ ಯಾರು ಯಾವ ಪ್ರಾಜೆಕ್ಟ್ ಮಾಡಿದರು? ಗೋಡೆಯಾಚೆ ಅವರು ಹಳೆಯ ಕಡತಗಳನ್ನು ತಿರುವಿಹಾಕುವ ಸದ್ದು ಕೇಳಿಸಿತು.

ಹುಡುಗಿಗೆ ಸೀಟು ಸಿಕ್ಕಿತು. ಒಂದೇ ಪತ್ರದ ಆ ಮೂವರ ಅರ್ಜಿಗಳು ತಿರಸ್ಕೃತವಾದವು. ಅವರಲ್ಲೊಬ್ಬ ನಿಜಕ್ಕೂ ಜಾಣ. ಆದರೆ ಅವನ ಜಾಣತನವನ್ನು ಕಂಡು ಬರೆದವರು ಯಾರೂ ಇರಲಿಲ್ಲ. ಅವನು ಅಂಕಪಟ್ಟಿ ಒಯ್ಯಲು ಬಂದ ದಿನ ಮಣ್ಣಮ್ಮನ ಕಡೆ ನೋಡದೆ ಹೋದ. ಅದು ಅವರನ್ನು ಬಹಳ ದಿನ ಕಾಡಿತು.

ಮುಂದಿನ ವೇಳಾಪಟ್ಟಿಯಲ್ಲಿ ಮಣ್ಣಿನ ಪಾಠ ಬೇರೆಯವರ ಪಾಲಾಗಿತ್ತು. ಮಣ್ಣಮ್ಮನಿಗೆ ಮೊದಲ ವರ್ಷದವರ ಡ್ರಾಯಿಂಗ್ ತರಗತಿ. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಪ್ರಯೋಗಾಲಯದ ಕೀಲಿಕೈ ಕೇಳಲು ಜವಾನ ಬಂದಾಗ ಅವನ ಹಿಂದೆ, ಬಾಗಿಲ ಆಚೆ, ಮುಖ್ಯಸ್ಥರು ನಗುಮುಖದಿಂದ ನಿಂತಿದ್ದರು.