ಬಿಳಿ ಗೆರೆಯ ಮೇಲೆ ಓಡುತ್ತಿದ್ದ ನಮ್ಮತ್ತಿಗೆ

ನಮ್ಮತ್ತಿಗೆಗೆ ಓಟದ ಗುಂಪಿನಲ್ಲಿ ಸ್ಕೇಲಕ್ಕ ಅಂತ ಹೆಸರು. ಕೆರೆ ರಸ್ತೆಯ ಎಡ ಅಂಚಿನಲ್ಲಿ ಬಳಿದಿರುವ ಬಿಳಿ ಗೆರೆಯ ಮೇಲೆ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ಇಡುತ್ತಾ ಇಪ್ಪತ್ತು ಕಿಲೋಮೀಟರ್ ಓಡಿದರೂ ಒಂದು ಬೆರಳಿನಷ್ಟು ಆಚೀಚೆ ಆಗದ ಹೆಂಗಸು. ಕೆಲಸವೂ ಹಾಗೆಯೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಾರೆ. ಅವರು ಮಡಿಸಿದ ಅಂಚಿನಲ್ಲಿ ಸೊಟ್ಟ ಹುಡುಕಹೋದವರು ಪೆಚ್ಚಾಗಿ ವಾಪಸ್ ಬಂದಿದ್ದಾರೆ.

ನಾನು ಅವರ ಮೈದುನ. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಅತ್ತಿಗೆ ಓಡುವಾಗ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ಸೈಕಲ್ ತುಳಿಯುವುದು, "ಗೆರೆ ಬಿಡಬೇಡಿ ಅತ್ತಿಗೆ!" ಅಂತ ಕೂಗುವುದು ನನ್ನ ಕೆಲಸ. ಈ ಕೂಗೇ ಎಲ್ಲ ಕೆಡಿಸುತ್ತಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟು.

ಹೋದ ವರ್ಷದ ನಲವತ್ತೆರಡು ಕಿಲೋಮೀಟರಿನ ಓಟದಲ್ಲಿ ಇಪ್ಪತ್ತೊಂಬತ್ತನೇ ಕಿಲೋಮೀಟರಿನ ಫಲಕದ ಹತ್ತಿರ ಅತ್ತಿಗೆ ನಿಂತುಬಿಟ್ಟರು. ಎಡ ಮಂಡಿಯ ಹೊರಬದಿಯಲ್ಲಿ ಚಾಕು ಚುಚ್ಚಿದ ಹಾಗೆ ನೋವು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತರು. ನಲವತ್ನಾಲ್ಕು ವರ್ಷದ ಹೆಂಗಸು, ಎರಡು ಮಕ್ಕಳ ಹೆರಿಗೆಯಲ್ಲೂ ಹಲ್ಲು ಕಚ್ಚಿದ್ದವರು, ಅಲ್ಲಿ ಮಾತ್ರ ಬಿಕ್ಕಿ ಬಿಕ್ಕಿ ಅತ್ತರು. "ಮುಂದಿನ ವರ್ಷ ಈ ಫಲಕ ದಾಟದಿದ್ರೆ ಬೂಟು ಬಿಚ್ಚಿ ನಿನ್ನಂಗಡೀಲಿ ನೇತು ಹಾಕ್ತೀನಿ ಕಣೋ" ಅಂದರು. ಅವರು ಆಡಿದ ಮಾತು ತಪ್ಪುವವರಲ್ಲ.

ಈ ವರ್ಷದ ಓಟಕ್ಕೆ ಹದಿನೆಂಟು ವಾರ ಇರುವಾಗ ಅದೇ ನೋವು ಮತ್ತೆ ಹಾಜರ್! ಐದು ಕಿಲೋಮೀಟರ್ ಸುಮ್ಮನಿದ್ದು, ಆರನೆಯದಕ್ಕೆ ಸರಿಯಾಗಿ ಬರುತ್ತಿತ್ತು. ಗುಂಪಿನವರೆಲ್ಲ ಒಂದೇ ಬಾಯಲ್ಲಿ ಹೇಳಿದರು: ತೊಡೆ ಹೊರಗಿನ ಪಟ್ಟಿ ಬಿಗಿಯಾಗಿದೆ, ಉರುಳೆ ಹಾಕಿ. ಕೊಳವೆಯ ಹಾಗಿರುವ ಗಟ್ಟಿ ಸ್ಪಂಜಿನ ಉರುಳೆ ತಂದವನು ನಾನೇ. ಅತ್ತಿಗೆ ನೆಲದ ಮೇಲೆ ಪಕ್ಕಕ್ಕೆ ಮಲಗಿ, ಉರುಳೆಯ ಮೇಲೆ ತೊಡೆ ಇಟ್ಟು ಹಿಂದೆ ಮುಂದೆ ಜಾರುವುದು. "ಇನ್ನೂ ಜೋರಾಗಿ!" ಅಂತ ನಾನು ಹುರಿದುಂಬಿಸುವುದು. ಬಸ್ ಡ್ರೈವರ್ ಆಗಿರುವ ನಮ್ಮಣ್ಣ ಬಾಗಿಲಲ್ಲಿ ನಿಂತು, "ರೋಡ್ ರೋಲರ್ ನೋಡಿದ್ದೆ, ರೋಡೇ ರೋಲರ್ ಮೇಲೆ ಹತ್ತಿದ್ದು ಇವತ್ತೇ ನೋಡಿದ್ದು" ಅಂದ. ಅತ್ತಿಗೆ ಕೈಗೆ ಸಿಕ್ಕ ಬೂಟು ಎಸೆದರು.

ಉರುಳಿಸಿದ ಮೇಲೆ ಅರ್ಧ ಗಂಟೆ ಕಾಲು ಹಗುರ. ಮರುದಿನ ಆರನೇ ಕಿಲೋಮೀಟರಿಗೆ ಮತ್ತದೇ ಚಾಕು. ನಾಲ್ಕು ವಾರ ಹೀಗೇ ಹೋಯಿತು. ತೊಡೆ ನೇರಳೆ ಬಣ್ಣಕ್ಕೆ ತಿರುಗಿತು. ಮಂಡಿ ನೋವು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕೊನೆಗೆ ಅತ್ತಿಗೆ ಕೆಲಸ ಮಾಡುವ ಆಸ್ಪತ್ರೆಯ ಫಿಸಿಯೋ ಮೇಡಂ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೇರಳೆ ತೊಡೆ ನೋಡಿ ಹಣೆ ಚಚ್ಚಿಕೊಂಡರು.

"ಅಕ್ಕಾ, ಇದನ್ನ ಯಾಕೆ ಹೀಗೆ ಜಜ್ಜಿದ್ದೀರಿ? ಈ ಪಟ್ಟಿ ಸೊಂಟದ ಪಕ್ಕದಿಂದ ಮಂಡಿ ಕೆಳಗಿನ ಮೂಳೆವರೆಗೂ ಬರತ್ತೆ. ಬೆಲ್ಟ್ ಥರ ಗಟ್ಟಿ. ಉರುಳೆ ಹಾಕಿ ಇದನ್ನ ಉದ್ದ ಮಾಡೋಕಾಗಲ್ಲ."

"ಮತ್ತೆ ಹಗುರ ಅನ್ಸುತ್ತಲ್ಲ ಮೇಡಂ?" ಅಂದೆ. ನನ್ನ ದುಡ್ಡಿನ ಉರುಳೆ, ಸುಮ್ಮನಿರಲಾಗಲಿಲ್ಲ.

"ನರಗಳು ಸ್ವಲ್ಪ ಹೊತ್ತು ಸಮಾಧಾನ ಆಗ್ತವೆ, ಅಷ್ಟೇ. ಮಂಡಿ ಸ್ವಲ್ಪ ಬಾಗಿದಾಗ ಈ ಪಟ್ಟಿ ಮೂಳೆಯ ಉಬ್ಬಿನ ಮೇಲೆ ಒತ್ತುತ್ತೆ. ಅಡಿಯಲ್ಲಿರೋ ಮೆತ್ತನೆ ಕೊಬ್ಬು ಕೆರಳತ್ತೆ. ಹೆಜ್ಜೆ ಹೆಜ್ಜೆಗೂ ಒತ್ತಿಸ್ತಿರೋದು ಯಾವುದು ಅಂತ ಹುಡುಕಬೇಕು. ಎಲ್ಲಿ ಅಕ್ಕಾ, ಎಡಗಾಲೊಂದರ ಮೇಲೆ ನಿಂತು ನಿಧಾನಕ್ಕೆ ಕುಕ್ಕರಿಸಿ."

ಮೇಡಂ ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೋ ಹಿಡಿದು ತೋರಿಸಿದರು. ಅತ್ತಿಗೆಯ ಬಲ ಸೊಂಟ ಕೆಳಗೆ ಜೋತುಬಿದ್ದಿತ್ತು, ಎಡ ಮಂಡಿ ಒಳಗೆ ವಾಲಿತ್ತು. ಅತ್ತಿಗೆ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯಯ್ಯೋ, ಇಷ್ಟು ಸೊಟ್ಟನಾ ನಾನು? ಹೊದಿಕೆಯಾಗಿದ್ರೆ ವಾಪಸ್ ಕಳಿಸಿಬಿಡ್ತಿದ್ದೆ!"

ಎಡ ಸೊಂಟದ ಪಕ್ಕದ ಸ್ನಾಯುವಿಗೆ ಶಕ್ತಿ ಸಾಲದು, ಅದು ಬಿಟ್ಟುಕೊಟ್ಟ ಭಾರವೆಲ್ಲ ಪಟ್ಟಿಯ ಮೇಲೆ ಬೀಳುತ್ತಿದೆ ಎಂದರು ಮೇಡಂ. ಆಮೇಲೆ ಓಡುವ ಯಂತ್ರದ ಮೇಲೆ ಒಂದೆರಡು ನಿಮಿಷ ಓಡಿಸಿದರು. ಅತ್ತಿಗೆಯ ಎರಡು ಪಾದಗಳೂ ಒಂದೇ ಗೆರೆಯ ಮೇಲೆ ಬೀಳುತ್ತಿದ್ದವು, ಕೆಲವು ಸಲ ಆಚೆ ಕಡೆಗೂ ದಾಟುತ್ತಿದ್ದವು.

"ಯಾರಕ್ಕಾ ಹೀಗೆ ಓಡೋಕೆ ಹೇಳಿಕೊಟ್ಟಿದ್ದು?"

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಮೂಳೆಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಪಾದ ಅಷ್ಟು ಒಳಗೆ ಬಿದ್ದರೆ ಪಟ್ಟಿ ಇನ್ನಷ್ಟು ಎಳೆಯುತ್ತದಂತೆ. ಸಾಲದ್ದಕ್ಕೆ ರಸ್ತೆಯ ಅಂಚು ಎಡಕ್ಕೆ ಇಳಿಜಾರು. ನಡುವಿನ ಸಮತಟ್ಟಾದ ಜಾಗದಲ್ಲಿ ಸೈಕಲ್ ತುಳಿಯುತ್ತಿದ್ದ ಮಹಾನುಭಾವ ನಾನು! ನೋವು ಶುರುವಾಗುವ ಮುಂಚಿನ ಎರಡು ತಿಂಗಳಲ್ಲಿ ವಾರದ ಓಟವನ್ನು ನಲವತ್ತರಿಂದ ಎಪ್ಪತ್ತು ಕಿಲೋಮೀಟರಿಗೆ ಏರಿಸಿದ್ದನ್ನೂ ಅತ್ತಿಗೆ ಒಪ್ಪಿಕೊಂಡರು.

"ಹದಿನಾಲ್ಕು ವಾರ ಇದೆ. ಆಗತ್ತಾ?" ಅಂದರು ಅತ್ತಿಗೆ.

"ಮಾತು ಕೊಡಲ್ಲ ಅಕ್ಕಾ. ನೋವು ಏಳೋ ಮುಂಚೆ ಓಟ ನಿಲ್ಲಿಸ್ಬೇಕು, ಸೊಂಟ ಗಟ್ಟಿ ಮಾಡ್ಬೇಕು. ಬೇಕಿದ್ರೆ ಮೆತ್ತಗೆ ಉರುಳೆ ಹಾಕಿ, ಆದ್ರೆ ಅದೇ ಔಷಧಿ ಅಂದ್ಕೋಬೇಡಿ."

ಅವತ್ತಿನಿಂದ ಲಾಂಡ್ರಿಯ ನೋಟವೇ ಬದಲಾಯಿತು. ಊಟದ ಬಿಡುವಿನಲ್ಲಿ ಅತ್ತಿಗೆ ಎರಡೂ ಕಾಲಿಗೆ ರಬ್ಬರ್ ಪಟ್ಟಿ ಸಿಕ್ಕಿಸಿಕೊಂಡು ಬಟ್ಟೆಯ ಕಪಾಟುಗಳ ನಡುವೆ ಏಡಿಯ ಹಾಗೆ ಅಡ್ಡಡ್ಡ ನಡೆಯುವುದು. ಮೆಟ್ಟಿಲ ಮೇಲೆ ಎಡಗಾಲಲ್ಲಿ ನಿಂತು ಬಲ ಹಿಮ್ಮಡಿಯನ್ನು ಮೆಲ್ಲಗೆ ಕೆಳಗೆ ಮುಟ್ಟಿಸುವುದು. ಮನೆಯಲ್ಲಿ ಪಕ್ಕಕ್ಕೆ ಮಲಗಿ ಕಾಲೆತ್ತುವುದು. ಮೊದಮೊದಲು ಬರೀ ನಡಿಗೆ, ಆಮೇಲೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹೆಜ್ಜೆ ಚಿಕ್ಕದು, ಬೇಗಬೇಗ, ಎರಡು ಪಾದಗಳ ನಡುವೆ ಜಾಗ ಬಿಟ್ಟು. ನಾನು ಸೈಕಲ್ಲನ್ನು ಅಂಚಿಗೆ ತಂದು, ರಸ್ತೆ ಖಾಲಿ ಇರುವ ಹೊತ್ತು ನೋಡಿ ಸಮತಟ್ಟು ಜಾಗವನ್ನು ಅವರಿಗೆ ಬಿಟ್ಟುಕೊಟ್ಟೆ. ನನ್ನ ಕೂಗೂ ಬದಲಾಯಿತು: "ಅಗಲ ಅತ್ತಿಗೆ, ಅಗಲ!"

ಎಲ್ಲ ಸಲೀಸಾಗಲಿಲ್ಲ. ಆರನೇ ವಾರ ಹುರುಪಿನಲ್ಲಿ ಗುಡ್ಡದ ಇಳಿಜಾರಿನಲ್ಲಿ ಓಡಿ ನೋವು ಎಬ್ಬಿಸಿಕೊಂಡರು. ರಾತ್ರಿ ಉರುಳೆ ತಗೊಂಡು ಕೂತಿದ್ದಾಗ ಅಣ್ಣ ಅದನ್ನು ಕಿತ್ತುಕೊಂಡು, "ಮೇಡಂಗೆ ಫೋನ್ ಮಾಡು ಮೊದ್ಲು" ಅಂದ. ಮೂರು ದಿನ ಓಟ ನಿಂತಿತು, ಕಾಲೆತ್ತುವುದು ನಿಲ್ಲಲಿಲ್ಲ. ಹನ್ನೊಂದನೇ ವಾರ ಇಪ್ಪತ್ತಾರು ಕಿಲೋಮೀಟರ್ ಮುಗಿಸಿ, ಮಂಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡು, "ಏನೂ ಇಲ್ವಲ್ಲೋ!" ಅಂತ ನಕ್ಕರು. ನನಗೆ ಸೈಕಲ್ ಸಮೇತ ಕುಣಿಯುವ ಹಾಗಾಯಿತು.

ಓಟದ ದಿನ ಸೈಕಲ್ಲಿಗೆ ಅನುಮತಿ ಇರಲಿಲ್ಲ. ಇಪ್ಪತ್ತೊಂಬತ್ತರ ಫಲಕದ ಹತ್ತಿರ, ಅದೇ ಕಲ್ಲಿನ ಪಕ್ಕ ಹೋಗಿ ನಿಂತೆ. ತಿರುವಿನಲ್ಲಿ ಹಳದಿ ಅಂಗಿ ಕಂಡಿತು. ಬಂದರು! ಎಡವೂ ಬಲವೂ ಒಂದೇ ಲಯ, ಸೊಂಟ ಅಲುಗದಂತೆ. ಗುಂಪಿನವರು ಅಭ್ಯಾಸಬಲದಿಂದ ಕೂಗಿದರು: "ಸ್ಕೇಲಕ್ಕಾ, ಗೆರೆ ಹಿಡೀರಿ!"

ಅತ್ತಿಗೆ ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ತುಟಿ ಮಾತ್ರ ಅಲುಗುತ್ತಿತ್ತು: "ಅಗಲ, ಅಗಲ, ಅಗಲ." ಗೆರೆ ಅವರಿಂದ ಎರಡು ಮಾರು ದೂರದಲ್ಲಿತ್ತು. ನನ್ನನ್ನೂ ನೋಡದೆ ಸರಸರ ದಾಟಿ ಹೋದರು. ನಾನು ಆ ಕಲ್ಲಿನ ಮೇಲೆ ಕೂತು ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟೆ.

ನಾಲ್ಕು ಗಂಟೆ ಮೂವತ್ತೆಂಟು ನಿಮಿಷಕ್ಕೆ ಓಟ ಮುಗಿಸಿದರು. ಬಸ್ಸು ಹತ್ತಿ ನಾನು ಅಲ್ಲಿಗೆ ತಲುಪುವಾಗ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನನ್ನು ಕಂಡಿದ್ದೇ ಕೇಳಿದರು:

"ಎಲ್ಲಿ ಸತ್ತಿದ್ಯೋ? ಇಪ್ಪತ್ತೊಂಬತ್ತರ ಹತ್ರ ನಿಂತಿರ್ತೀನಿ ಅಂದಿದ್ಯಲ್ಲ. ಆ ಫಲಕ ಈ ಸಲ ಹಾಕಿರ್ಲೇ ಇಲ್ವಾ?"