ಮುಳ್ಳು ಇಳಿದರೆ ಇವರಿಗೆ ಸಂಕಟ

ಕಕ್ಕಿಂಜೆಯಿಂದ ಒಳಗಿರುವ ನಮ್ಮ ಮನೆಗೆ ಕರೆಂಟು ಬರುವುದು ಗುಡ್ಡದ ತೋಡಿನಿಂದ. ಪೈಪಿನಲ್ಲಿ ಇಳಿದ ನೀರು ತುದಿಯ ಸಣ್ಣ ಬಾಯಿಯಿಂದ ಚಿಮ್ಮಿ ಚಕ್ರವನ್ನು ತಿರುಗಿಸುತ್ತದೆ. ಆ ಬಾಯಿಗೆ ನೋಜಲ್ ಎನ್ನುತ್ತಾರೆ. ಅದನ್ನು ಬದಲಿಸುವುದೇ ನನ್ನ ಗಂಡನ ಕಸುಬು.

ನೀರು ಜಾಸ್ತಿಯಾದರೆ ಕರೆಂಟೂ ಜಾಸ್ತಿ ಎಂದು ಮೊದಲು ದೊಡ್ಡ ತೂತಿನದನ್ನು ಹಾಕಿದರು. ನೀರಿನ ಶಕ್ತಿಯೆಲ್ಲ ಪೈಪಿಗೆ ಉಜ್ಜಿಯೇ ಹೋಯಿತು, ಬಲ್ಬು ಮಂಕಾಯಿತು. ಗುರುವಾಯನಕೆರೆಯಿಂದ ಬಂದ ಫಿಟ್ಟರ್ ನೋಜಲಿನ ಹಿಂದೆ ಒತ್ತಡದ ಮೀಟರು ಕೂರಿಸಿದ. ವಾಲ್ವ್ ಮುಚ್ಚಿದಾಗ ಮುಳ್ಳು ಮೂರರಲ್ಲಿತ್ತು. ಚಕ್ರ ತಿರುಗುವಾಗ ಅದು ಎರಡರಲ್ಲಿ ನಿಲ್ಲುವಂಥ ನೋಜಲನ್ನು ಹುಡುಕಿ ಹಾಕಿದ.

"ಮೂರರಲ್ಲಿ ಒಂದು ಪಾಲು ಪೈಪಿಗೇ ಹೋಗ್ಲಿ. ಆಗಲೇ ಚಕ್ರಕ್ಕೆ ಹೆಚ್ಚು ಶಕ್ತಿ ಸಿಗುದು," ಎಂದ.

ಆ ಒಂದು ಪಾಲು ಹೋದದ್ದನ್ನು ಇವರಿಗೆ ತಡೆದುಕೊಳ್ಳಲಾಗಲಿಲ್ಲ.

ಒಂದು ಸಂಜೆ, ಮರುದಿನ ಮಗಳ ಅತ್ತೆ ಮಾವ ಬರುವವರಿದ್ದರು. ದೋಸೆಗೆಂದು ಗ್ರೈಂಡರಿಗೆ ಅಕ್ಕಿ ಹಾಕಿದ್ದೆ. ಅರ್ಧದಲ್ಲಿ ಕಲ್ಲು ನಿಂತಿತು, ಮತ್ತೆ ತಿರುಗಲೇ ಇಲ್ಲ. ಚಕ್ರದ ಹತ್ತಿರ ಹೋಗಿ ನೋಡಿದರೆ ಇವರು ತೀರಾ ಸಣ್ಣ ನೋಜಲ್ ಹಾಕಿ ಕುಳಿತಿದ್ದಾರೆ.

"ನೋಡು, ಮುಳ್ಳು ಮೂರರ ಹತ್ತಿರ ಉಂಟು! ನೀರು ಬಾಣದ ಹಾಗೆ ಹೋಗ್ತದೆ."

"ಬಾಣ ಸರಿ, ಆದ್ರೆ ನೂಲಿನಷ್ಟು ನೀರು. ಅದ್ರಲ್ಲಿ ಅಕ್ಕಿ ಅರೆಯುದು ಹೇಗೆ ಮಾರಾಯ್ರೆ? ನಾಳೆ ಬೀಗರಿಗೆ ಮುಳ್ಳು ಬಡಿಸುದಾ?"

"ಎರಡು ಅಂದ್ರೆ ನಷ್ಟ ಅಲ್ವಾ?"

"ನಷ್ಟ ಆಗ್ಲಿ. ಅವ ಹಾಕಿದ್ದನ್ನೇ ಹಾಕಿ."

ಗೊಣಗುತ್ತಾ ಹಾಕಿದರು. ಕಲ್ಲು ತಿರುಗಿತು. ಹಿಟ್ಟು ನುಣ್ಣಗಾಗುವವರೆಗೂ ಇವರು ಮೀಟರಿನ ಮುಂದೆಯೇ ನಿಂತು, ಎರಡಕ್ಕೆ ಇಳಿದ ಮುಳ್ಳನ್ನು ಹೆಣ ನೋಡುವ ಹಾಗೆ ನೋಡುತ್ತಿದ್ದರು.